45 × 24 ತಗಡಿನಿಂದ ಅತಿ ಹೆಚ್ಚು ಹಿಡಿಯುವ ತೆರೆದ ಡಬ್ಬ: ನನ್ನ ಅನುಭವ

ದ್ವಿತೀಯ ಪಿಯುಸಿ ಗಣಿತ ಪುಸ್ತಕದಲ್ಲಿ ಅವಕಲನದ ಅನ್ವಯಗಳ ಅಧ್ಯಾಯವನ್ನು ಓದಿದವರೆಲ್ಲರಿಗೂ ಈ ಲೆಕ್ಕ ಪರಿಚಿತ. 45 ಸೆಂ.ಮೀ. ಉದ್ದ, 24 ಸೆಂ.ಮೀ. ಅಗಲದ ತಗಡಿನ ನಾಲ್ಕು ಮೂಲೆಗಳಿಂದ ಸಮನಾದ ಚೌಕಗಳನ್ನು ಕತ್ತರಿಸಿ, ಉಳಿದ ಅಂಚುಗಳನ್ನು ಮೇಲಕ್ಕೆ ಮಡಚಿ, ಮುಚ್ಚಳವಿಲ್ಲದ ಡಬ್ಬ ಮಾಡಬೇಕು. ಡಬ್ಬದ ಘನಫಲ ಗರಿಷ್ಠವಾಗಲು ಚೌಕದ ಬಾಹು ಎಷ್ಟಿರಬೇಕು? ಪಾಠ ಮಾಡುವವನಾಗಿ ಇದನ್ನು ಕಪ್ಪುಹಲಗೆಯ ಮೇಲೆ ಬಿಡಿಸುತ್ತಾ ಬಂದಿರುವ ನಾನು ರಟ್ಟಿನಲ್ಲಿಯೂ ತಗಡಿನಲ್ಲಿಯೂ ಇದನ್ನು ಮಾಡಿ ನೋಡಿದ್ದೇನೆ. ಕೈಯಿಂದ ಮಾಡುವಾಗ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಸೂತ್ರವಲ್ಲ, ಅದರೊಳಗೆ ಅಡಗಿರುವ ಒಂದು ಸರಳ ಸಮಾನತೆ.

ಮೊದಲು ಲೆಕ್ಕವನ್ನು ಮುಗಿಸಿಬಿಡುತ್ತೇನೆ. ಚೌಕದ ಬಾಹು x ಆದರೆ ಡಬ್ಬದ ಎತ್ತರವೂ x. ಪಾದದ ಉದ್ದ 45 − 2x, ಅಗಲ 24 − 2x. ಆದ್ದರಿಂದ

V = x(45 − 2x)(24 − 2x) = 4x³ − 138x² + 1080x

ಇದನ್ನು ಅವಕಲಿಸಿ ಸೊನ್ನೆಗೆ ಸಮೀಕರಿಸಿದರೆ x² − 23x + 90 = 0 ಬರುತ್ತದೆ; ಅದರ ಮೂಲಗಳು 5 ಮತ್ತು 18. ಅಗಲವೇ 24 ಇರುವಾಗ ಎರಡೂ ಕಡೆಯಿಂದ ಹದಿನೆಂಟರಂತೆ ಕತ್ತರಿಸುವುದು ಅಸಾಧ್ಯವಾದ್ದರಿಂದ 18 ಬಿದ್ದುಹೋಗುತ್ತದೆ. x = 5 ಇರುವಾಗ ಎರಡನೆಯ ಅವಕಲನದ ಬೆಲೆ 24x − 276 = −156, ಅಂದರೆ ಋಣ; ಹಾಗಾಗಿ ಇದು ಗರಿಷ್ಠವೇ. ಡಬ್ಬದ ಅಳತೆ 35 × 14 × 5, ಘನಫಲ 2450 ಘನ ಸೆಂ.ಮೀ.

ಪರೀಕ್ಷೆಗೆ ಇಷ್ಟು ಸಾಕು. ಆದರೆ ಐದೇ ಏಕೆ ಎಂದು ಯಾರಾದರೂ ಕೇಳಿದರೆ ಈ ಹಂತಗಳು ಉತ್ತರ ಹೇಳುವುದಿಲ್ಲ. ಅದಕ್ಕೆ ನಾನು ಅನುಸರಿಸುವ ದಾರಿ ಹೀಗಿದೆ. ಚೌಕದ ಬಾಹು 4 ಸೆಂ.ಮೀ. ಇದೆ ಎಂದುಕೊಂಡು, ಅದನ್ನು ಒಂದು ಮಿಲಿಮೀಟರಿನಷ್ಟು ಹೆಚ್ಚಿಸಿದರೆ ಏನಾಗುತ್ತದೆ ಎಂದು ಯೋಚಿಸೋಣ. ಎತ್ತರ ಒಂದು ಮಿಲಿಮೀಟರ್ ಏರುತ್ತದೆ. ಅಂದರೆ ಪಾದದಷ್ಟೇ ವಿಸ್ತೀರ್ಣದ ಒಂದು ತೆಳುವಾದ ಪದರ ಮೇಲೆ ಸೇರುತ್ತದೆ. ಅದೇ ಹೊತ್ತಿಗೆ ನಾಲ್ಕು ಗೋಡೆಗಳೂ ಒಂದೊಂದು ಮಿಲಿಮೀಟರ್ ಒಳಕ್ಕೆ ಸರಿಯುತ್ತವೆ. ಅಂದರೆ ಗೋಡೆಗಳಷ್ಟೇ ವಿಸ್ತೀರ್ಣದ, ಅಷ್ಟೇ ದಪ್ಪದ ಪದರ ಸುತ್ತಲೂ ನಷ್ಟವಾಗುತ್ತದೆ. 4 ಸೆಂ.ಮೀ. ಇರುವಾಗ ಪಾದದ ವಿಸ್ತೀರ್ಣ 37 × 16 = 592 ಚದರ ಸೆಂ.ಮೀ., ಗೋಡೆಗಳ ಒಟ್ಟು ವಿಸ್ತೀರ್ಣ 4 × 106 = 424. ಸೇರುವುದು ಹೆಚ್ಚು, ಹೋಗುವುದು ಕಡಿಮೆ, ಇನ್ನೂ ಕತ್ತರಿಸಬಹುದು. 6 ಸೆಂ.ಮೀ. ಇರುವಾಗ ಪಾದ 396, ಗೋಡೆಗಳು 540. ಈಗ ನಷ್ಟವೇ ಹೆಚ್ಚು, ಮಿತಿ ದಾಟಿದ್ದೇವೆ. 5 ಸೆಂ.ಮೀ. ಇರುವಾಗ ಪಾದ 35 × 14 = 490, ಗೋಡೆಗಳು 5 × 98 = 490. ಪಾದದ ವಿಸ್ತೀರ್ಣವೂ ನಾಲ್ಕು ಗೋಡೆಗಳ ಒಟ್ಟು ವಿಸ್ತೀರ್ಣವೂ ಸಮನಾದಲ್ಲಿ ಘನಫಲ ಗರಿಷ್ಠವಾಗುತ್ತದೆ. ಇದು ಈ ತಗಡಿಗೆ ಮಾತ್ರ ಸೀಮಿತವಲ್ಲ, ಯಾವ ಆಯತಾಕಾರದ ಹಾಳೆಗಾದರೂ ಅನ್ವಯಿಸುತ್ತದೆ. ಅವಕಲನವನ್ನು ಸೊನ್ನೆಗೆ ಸಮೀಕರಿಸಿದಾಗ ನಾವು ಹೇಳುತ್ತಿರುವುದೂ ಇದನ್ನೇ, ಹೇಳುತ್ತಿದ್ದೇವೆ ಎಂಬುದು ಕಾಣಿಸುವುದಿಲ್ಲ, ಅಷ್ಟೆ.

ಉತ್ತರ ಎಲ್ಲಿ ಬೀಳಬೇಕೆಂಬುದನ್ನು ಮೊದಲೇ ಅಂದಾಜು ಮಾಡಿಕೊಳ್ಳುವುದೂ ಕಷ್ಟವಲ್ಲ. ಹಾಳೆ ಪೂರ್ತಿ ಚೌಕವಾಗಿದ್ದರೆ ಕತ್ತರಿಸಬೇಕಾದದ್ದು ಬಾಹುವಿನ ಆರನೆಯ ಒಂದು ಭಾಗ. ಅಗಲಕ್ಕೆ ಹೋಲಿಸಿದರೆ ಬಹಳ ಉದ್ದವಾದ ಪಟ್ಟಿಯಾದರೆ, ಮಳೆನೀರಿನ ದೋಣಿಯನ್ನು ಮಡಚುವಂತೆ, ಅಗಲದ ನಾಲ್ಕನೆಯ ಒಂದು ಭಾಗಕ್ಕೆ ಹತ್ತಿರ. ಉಳಿದ ಆಯತಗಳೆಲ್ಲ ಇವೆರಡರ ನಡುವೆ ಬರುತ್ತವೆ. ಅಗಲ 24 ಆದಾಗ ಉತ್ತರ 4 ಮತ್ತು 6ರ ನಡುವೆ ಇರಲೇಬೇಕು; ಈ ವ್ಯಾಪ್ತಿಯ ಹೊರಗಿನ ಉತ್ತರ ಬಂದರೆ ಲೆಕ್ಕವನ್ನು ಮತ್ತೆ ನೋಡಬೇಕು.

ರಟ್ಟಿನಲ್ಲಿ ಮಾಡುವಾಗ 3, 4, 5, 6 ಸೆಂ.ಮೀ.ಗಳ ಚೌಕ ಕತ್ತರಿಸಿ ಒಂದೊಂದು ಡಬ್ಬ ಮಾಡಿ, ಮೂಲೆಗಳಿಗೆ ಟೇಪು ಅಂಟಿಸಿ, ರಾಗಿ ತುಂಬಿ ಅಳೆಯುವುದು ನನ್ನ ಕ್ರಮ. ಮಡಿಕೆಯ ಗೆರೆಯನ್ನು ಬರೆಯದ ಬಾಲ್‌ಪೆನ್ನಿನ ತುದಿಯಿಂದ ಒತ್ತಿ ಎಳೆದುಕೊಂಡರೆ ರಟ್ಟು ಗೆರೆಯ ಮೇಲೆಯೇ ಮಡಚಿಕೊಳ್ಳುತ್ತದೆ. ಎಚ್ಚರ ವಹಿಸಬೇಕಾದದ್ದು ಎರಡು ಕಡೆ. ಉದ್ದನೆಯ ಗೋಡೆ ರಾಗಿಯ ಒತ್ತಡಕ್ಕೆ ನಡುವೆ ಹೊರಕ್ಕೆ ಉಬ್ಬುತ್ತದೆ, ಆಗ ಡಬ್ಬ ಲೆಕ್ಕಕ್ಕಿಂತ ಹೆಚ್ಚು ಹಿಡಿಯುತ್ತದೆ. ಎರಡೂ ಬದಿಗೆ ದಪ್ಪ ಪುಸ್ತಕಗಳನ್ನು ಒತ್ತಾಗಿ ಇಟ್ಟರೆ ಇದು ನಿಲ್ಲುತ್ತದೆ. ಇನ್ನೊಂದು, ರಾಗಿ ಅಲುಗಿದಷ್ಟೂ ಕುಗ್ಗುತ್ತದೆ. ಆದ್ದರಿಂದ ಎಲ್ಲ ಡಬ್ಬಗಳಿಗೂ ಒಂದೇ ಎತ್ತರದಿಂದ ಸುರಿದು, ತಟ್ಟದೆ, ಅಳತೆಪಟ್ಟಿಯ ಅಂಚಿನಿಂದ ಮೇಲ್ಭಾಗವನ್ನು ಸವರಿ, ಆಮೇಲೆ ಅಳತೆಪಾತ್ರೆಗೆ ಸುರಿಯಬೇಕು.

ಇಷ್ಟೆಲ್ಲ ಮಾಡಿದರೂ 3 ಸೆಂ.ಮೀ. ಡಬ್ಬ ಕಡಿಮೆ ಹಿಡಿಯುವುದು ಸ್ಪಷ್ಟವಾಗಿ ಕಾಣುತ್ತದೆಯೇ ಹೊರತು, ಉಳಿದ ಮೂರರಲ್ಲಿ ಗೆದ್ದದ್ದು ಯಾವುದೆಂದು ರಾಗಿಯಿಂದ ಖಚಿತವಾಗಿ ಹೇಳಲಾಗದು. ಲೆಕ್ಕದ ಪ್ರಕಾರ 3ಕ್ಕೆ 2106, 4ಕ್ಕೆ 2368, 5ಕ್ಕೆ 2450, 6ಕ್ಕೆ 2376 ಘನ ಸೆಂ.ಮೀ. ಐದರಿಂದ ಒಂದು ಸೆಂಟಿಮೀಟರ್ ಆಚೀಚೆ ಸರಿದರೂ ನಷ್ಟ ಶೇಕಡಾ ಮೂರರ ಆಸುಪಾಸು. ಅರ್ಧ ಸೆಂಟಿಮೀಟರ್ ಸರಿದರೆ ಶೇಕಡಾ ಒಂದೂ ಇಲ್ಲ. ವಕ್ರರೇಖೆಯ ನೆತ್ತಿ ಚಪ್ಪಟೆಯಾಗಿದೆ ಎಂಬುದರ ಅರ್ಥ ಇದೇ. ವಿದ್ಯಾರ್ಥಿಗಳಿಗೆ ಇದರಿಂದ ನಿರಾಸೆಯಾಗುವುದುಂಟು, ನನಗಂತೂ ಇದು ಈ ಲೆಕ್ಕದ ಅತ್ಯುತ್ತಮ ಭಾಗ. ಮಾಡುವವನಿಗೆ ಮಿಲಿಮೀಟರಿನ ನಿಖರತೆ ಬೇಕಿಲ್ಲವೆಂದು ಗಣಿತವೇ ಹೇಳುತ್ತಿದೆ.

ತಗಡಿಗೆ ಬಂದರೆ ಪುಸ್ತಕ ಹೇಳದ ಒಂದು ಸಂಗತಿ ಸೇರುತ್ತದೆ. ಕತ್ತರಿಸಿದ ತಗಡಿನ ಅಂಚು ಕೈ ಕೊಯ್ಯುವುದರಿಂದ ಬಾಯಿಯ ಸುತ್ತ ಒಂದು ಸೆಂಟಿಮೀಟರಿನಷ್ಟನ್ನು ಹೊರಕ್ಕೆ ಮಡಚಿ ಬಡಿಯಬೇಕಾಗುತ್ತದೆ. ಆಗ ಚೌಕ 5 ಸೆಂ.ಮೀ. ಇದ್ದರೂ ಎತ್ತರ 4 ಮಾತ್ರ, ಡಬ್ಬ ಹಿಡಿಯುವುದು 1960 ಘನ ಸೆಂ.ಮೀ. ಇಲ್ಲಿ ಮೇಲಿನ ಸಮಾನತೆಯನ್ನು ಹಾಗೆಯೇ ಬಳಸಬಹುದು, ಗೋಡೆಯ ಎತ್ತರವನ್ನು ಮಡಚಿದ ನಂತರ ಉಳಿದಷ್ಟು ಎಂದು ಹಿಡಿದರಾಯಿತು. ಪಾದ 490, ಗೋಡೆಗಳು 4 × 98 = 392; ಪಾದವೇ ದೊಡ್ಡದಾಗಿರುವುದರಿಂದ ಇನ್ನಷ್ಟು ಕತ್ತರಿಸಬೇಕು. 5.6 ಸೆಂ.ಮೀ. ಇಟ್ಟರೆ ಪಾದ ಸುಮಾರು 433, ಗೋಡೆಗಳು 429. ಹೆಚ್ಚುಕಡಿಮೆ ಸಮ, ಘನಫಲ 1990. ಅವಕಲನದಿಂದ ಬರುವ ನಿಖರ ಉತ್ತರ 5.63ಕ್ಕೆ ಹತ್ತಿರ. ನಾನು ಗುರುತು ಮಾಡಿದ್ದು 5.5ಕ್ಕೆ, ಏಕೆಂದರೆ ಅಲ್ಲಿಯೂ 1989 ಸಿಗುತ್ತದೆ, ಅಳತೆಪಟ್ಟಿಯ ಮೇಲೆ ಅರ್ಧವನ್ನು ಹುಡುಕುವುದು ಸುಲಭ.

ಡಬ್ಬದಲ್ಲಿ ನೀರು ನಿಲ್ಲಬೇಕಾದರೆ ಚೌಕವನ್ನು ಪೂರ್ತಿ ಕತ್ತರಿಸಿ ಎಸೆಯಬಾರದು. ಪ್ರತಿ ಮೂಲೆಯಲ್ಲಿಯೂ ಒಂದು ಬದಿಗೆ ಒಂದು ಸೆಂಟಿಮೀಟರ್ ಅಗಲದ ನಾಲಿಗೆಯನ್ನು ಬಿಟ್ಟು, ಅದನ್ನು ಪಕ್ಕದ ಗೋಡೆಯ ಹೊರಮೈಗೆ ಮಡಚಿ ಬೆಸುಗೆ ಹಾಕಬೇಕು. ಬಾಯಿಯ ಮಡಿಕೆ ಬರುವಲ್ಲಿ ಮಾತ್ರ ನಾಲಿಗೆಯ ತುದಿಯನ್ನು ಓರೆಯಾಗಿ ಕತ್ತರಿಸದಿದ್ದರೆ ಮೂಲೆಯಲ್ಲಿ ತಗಡು ಮೂರು ಪದರವಾಗಿ ಗಂಟಿನಂತೆ ನಿಂತು, ಮಡಿಕೆ ಕೂರುವುದಿಲ್ಲ. ನಾಲಿಗೆ ಹೊರಗಿರುವುದರಿಂದ ಘನಫಲದ ಲೆಕ್ಕಕ್ಕೆ ಅದರಿಂದ ಏನೂ ವ್ಯತ್ಯಾಸವಾಗುವುದಿಲ್ಲ.