ರಾಗಿ ಹಿಟ್ಟಿನ ಸಮೀಕ್ಷೆ: ಕೋಶಕೋಶಕ್ಕೂ ನಿರೀಕ್ಷಿತ ಸಂಖ್ಯೆ ಬರೆದು ಕೈ ಸ್ಕ್ವೇರ್ ಮಾಡಿದ ಅನುಭವ

ಕೈ ಸ್ಕ್ವೇರ್ ಪರೀಕ್ಷೆಯನ್ನು ಸ್ಪ್ರೆಡ್‌ಶೀಟಿನಲ್ಲಿ ಕೈಯಾರೆ ಮಾಡುತ್ತೇನೆ ಎಂದಾಗ ನಮ್ಮ ವೃತ್ತಿಯ ಗೆಳೆಯರು ನಕ್ಕಿದ್ದರು. ಸಾಫ್ಟ್‌ವೇರ್ ಒಂದು ಗುಂಡಿ ಒತ್ತಿದರೆ ಉತ್ತರ ಕೊಡುವಾಗ ಪ್ರತಿ ಕೋಶಕ್ಕೂ ನಿರೀಕ್ಷಿತ ಸಂಖ್ಯೆ ಬರೆಯುತ್ತಾ ಕೂರುವುದು ಹಳೆಯ ಕಾಲದ ಗುಮಾಸ್ತಿಕೆ ಎಂಬುದು ಅವರ ವಾದ. ಹೀಗೆ ಕೂತದ್ದರಿಂದಲೇ ನನ್ನ ಬಾಕಿ ಹಣ ವಸೂಲಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೆಲಸ ತುಮಕೂರಿನದು. ರಾಗಿ ಹಿಟ್ಟನ್ನು ಪ್ಯಾಕೆಟ್ ಮಾಡಿ ಮಾರುವ ಸಣ್ಣ ಉದ್ಯಮಿಯೊಬ್ಬರಿಗೆ ತಮ್ಮ ಪ್ಯಾಕೆಟ್ಟನ್ನು ಜನ ಏಕೆ ಕೊಳ್ಳುತ್ತಿಲ್ಲ ಎಂದು ತಿಳಿಯಬೇಕಿತ್ತು. ಬೆಲೆ ಹೆಚ್ಚಾಯಿತು ಎಂದು ಅವರು ಮೊದಲೇ ತೀರ್ಮಾನಿಸಿದ್ದರು; ಅದನ್ನು ಕಾಗದದ ಮೇಲೆ ನೋಡಬೇಕಿತ್ತು, ಅಷ್ಟೆ. ಒಟ್ಟು 45 ಸಾವಿರ ರೂಪಾಯಿಗೆ ಒಪ್ಪಂದ, ಅರ್ಧ ಮುಂಗಡ. ಶಿರಾ ಗೇಟ್, ಬಟವಾಡಿ, ಕ್ಯಾತ್ಸಂದ್ರದ ಕಡೆ ಸುತ್ತಿ ಮನೆಗೆ ಒಂದರಂತೆ 240 ನಮೂನೆಗಳನ್ನು ತುಂಬಿಸಿದೆವು. ಹುಡುಗರಿಗೆ ನಮೂನೆಗೆ 40 ರೂಪಾಯಿಯಂತೆ ಕೊಟ್ಟು, ಆಟೊ, ಊಟ, ಜೆರಾಕ್ಸ್ ಎಲ್ಲ ಸೇರಿ ಹದಿನೈದು ಹದಿನಾರು ಸಾವಿರ ಖರ್ಚಾಗಿತ್ತು.

ಮೊದಲು ಮಾಡಿದ ಕೋಷ್ಟಕ ಆದಾಯದ್ದು. ಅಡ್ಡಸಾಲಿನಲ್ಲಿ ಆರು ಆದಾಯದ ಹಂತಗಳು. ಕಂಬಸಾಲಿನಲ್ಲಿ ಹಿಟ್ಟಿನ ಮೂಲ ನಾಲ್ಕು: ಮಿಲ್ಲಿನಲ್ಲಿ ಬೀಸಿಸುವವರು, ಅಂಗಡಿಯ ಪ್ಯಾಕೆಟ್, ಆನ್‌ಲೈನ್ ಪ್ಯಾಕೆಟ್, ಬೀಸಿಸುವುದೂ ಕೊಳ್ಳುವುದೂ ಎರಡೂ ಇರುವವರು. ಅಲ್ಲಿಗೆ 24 ಕೋಶ, 15 ಡಿಗ್ರಿ ಆಫ್ ಫ್ರೀಡಂ. ಕೈ ಸ್ಕ್ವೇರ್ ಸುಮಾರು 33 ಬಂತು. ಶೇಕಡಾ 5ರ ಮಟ್ಟದಲ್ಲಿ ಪಟ್ಟಿಯ ಗಡಿ 25. ಗುಂಡಿ ಒತ್ತುವವರಾಗಿದ್ದರೆ ಅಲ್ಲಿಗೇ ವರದಿ ಬರೆದು ಬಿಲ್ ಕಳಿಸಬಹುದಿತ್ತು.

ನಿರೀಕ್ಷಿತ ಸಂಖ್ಯೆಗಳನ್ನು ಬರೆದಾಗ ಬಣ್ಣ ಬಯಲಾಯಿತು. ಅತಿ ಹೆಚ್ಚು ಆದಾಯದ ಹಂತದಲ್ಲಿದ್ದವು 12 ಮನೆಗಳು. ಆನ್‌ಲೈನಿನಲ್ಲಿ ತರಿಸುವ ಮನೆಗಳು ಒಟ್ಟು 24. ಇವೆರಡೂ ಕೂಡುವ ಕೋಶದಲ್ಲಿ ನಿರೀಕ್ಷಿತ ಸಂಖ್ಯೆ 12 ಗುಣಿಸು 24, ಭಾಗಿಸು 240, ಅಂದರೆ 1.2. ಅಲ್ಲಿ ಸಿಕ್ಕಿದ್ದು 5 ಮನೆ. ವ್ಯತ್ಯಾಸ 3.8, ಅದರ ವರ್ಗ 14.44, ಅದನ್ನು 1.2ರಿಂದ ಭಾಗಿಸಿದರೆ 12. ಮೂವತ್ತಮೂರರಲ್ಲಿ ಹನ್ನೆರಡನ್ನು ಐದು ಮನೆಗಳಿರುವ ಒಂದೇ ಕೋಶ ಹೊತ್ತಿತ್ತು. ಅಲ್ಲಿ ಎರಡು ಮನೆಯವರು ಆ ದಿನ ಬಾಗಿಲು ತೆರೆಯದೇ ಇದ್ದಿದ್ದರೆ ಸಂಬಂಧವೂ ಇರುತ್ತಿರಲಿಲ್ಲ. ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆ ಇರುವ ಕೋಶಗಳು ಐದರಲ್ಲೊಂದು ಪಾಲನ್ನು ಮೀರಬಾರದು, 1ಕ್ಕಿಂತ ಕಡಿಮೆಯದು ಒಂದೂ ಇರಬಾರದು ಎಂಬ ವಾಡಿಕೆ ನಿಮಗೆಲ್ಲ ಗೊತ್ತು. ನಮ್ಮಲ್ಲಿ ಅರ್ಧದಷ್ಟು ಕೋಶಗಳು 5ರ ಕೆಳಗಿದ್ದವು. ಗಮನಿಸಿ, ನೋಡಬೇಕಾದದ್ದು ನಿರೀಕ್ಷಿತ ಸಂಖ್ಯೆಯನ್ನು. ಎಣಿಕೆಯಲ್ಲಿ ಸಿಕ್ಕಿದ್ದು 2 ಇದ್ದರೂ ನಿರೀಕ್ಷಿತ 14 ಇದ್ದರೆ ತಕರಾರಿಲ್ಲ. ಇದನ್ನು ತಲೆಕೆಳಗು ಮಾಡಿಕೊಂಡವರು ನಮ್ಮ ನಡುವೆ ಈಗಲೂ ಇದ್ದಾರೆ.

ಹಾಗಾಗಿ ಗುಂಪುಗಳನ್ನು ಕೂಡಿಸಿದೆವು. ಅಂಗಡಿಯದಾದರೂ ಆನ್‌ಲೈನಿನದಾದರೂ ಪ್ಯಾಕೆಟ್ ಪ್ಯಾಕೆಟ್ಟೇ, ಅವೆರಡೂ ಸೇರಿ 84 ಮನೆ. ಆದಾಯವನ್ನು ಮೂರು ಹಂತಕ್ಕೆ ಇಳಿಸಿದೆವು. ಕೂಡಿಸುವಾಗ ಅರ್ಥ ನೋಡಿ ಕೂಡಿಸಬೇಕು. ಯಾವುದನ್ನು ಯಾವುದಕ್ಕೆ ಸೇರಿಸಿದರೆ ಉತ್ತರ ದೊಡ್ಡದಾಗುತ್ತದೆ ಎಂದು ನೋಡುತ್ತಾ ಹೋದರೆ ಯಾವ ಕೋಷ್ಟಕದಿಂದಲೂ ಬೇಕಾದದ್ದನ್ನು ಹಿಂಡಬಹುದು. ನ್ಯಾಯವಾಗಿ ಕೂಡಿಸಿದ ಮೇಲೆ ಆದಾಯದ ಕೋಷ್ಟಕದಲ್ಲಿ ಬಂದದ್ದು 6ರ ಆಸುಪಾಸು, ಗಡಿ 9.49. ಆದಾಯದ ಕಥೆ ಅಲ್ಲಿಗೆ ಮುಗಿಯಿತು.

ಬೆಲೆಯ ಪ್ರಶ್ನೆ ಇನ್ನೂ ಸಪ್ಪೆ. 'ಪ್ಯಾಕೆಟ್ ಹಿಟ್ಟು ದುಬಾರಿ' ಎಂದವರು 168 ಮನೆಯವರು, ಅಂದರೆ ನೂರಕ್ಕೆ 70. ಹಾಗಾದರೆ ಪ್ಯಾಕೆಟ್ ಕೊಳ್ಳುವ 84 ಮನೆಗಳಲ್ಲೂ 58.8 ಮನೆಯವರು ಹಾಗೆ ಹೇಳುತ್ತಾರೆಂದು ನಿರೀಕ್ಷೆ, ಹೇಳಿದ್ದು 56. ಬೀಸಿಸುವ 120ರಲ್ಲಿ ನಿರೀಕ್ಷೆ 84, ಸಿಕ್ಕಿದ್ದು 86. ಒಟ್ಟು ಕೈ ಸ್ಕ್ವೇರ್ 0.7 ಕೂಡ ಮುಟ್ಟಲಿಲ್ಲ. ದುಬಾರಿ ಎಂದು ಗೊಣಗುವುದು ಎಲ್ಲರೂ, ಕೊಳ್ಳುವವರೂ ಸಹ. ಇದನ್ನು ಹೇಳಿದಾಗ ಗ್ರಾಹಕರ ಮುಖ ಸಣ್ಣದಾಯಿತು. 'ನಿಮ್ಮ ಲೆಕ್ಕದಲ್ಲೇ ಏನೋ ತಪ್ಪಿದೆ ಸರ್' ಎಂದರು, ಬಾಕಿ ಹಣವನ್ನು ತಡೆಹಿಡಿದರು. ಅವರು ಬೆಲೆ ಇಳಿಸಲು ಹೊಸ ಕವರುಗಳನ್ನು ಮುದ್ರಣಕ್ಕೆ ಕೊಡುವುದರಲ್ಲಿದ್ದರು.

ನಮೂನೆಯ ಕೊನೆಯಲ್ಲಿ, ಯಾರೂ ಗಮನಿಸದ ಜಾಗದಲ್ಲಿ, 'ಊರಿನಲ್ಲಿ ಜಮೀನು ಇದೆಯೇ' ಎಂಬ ಪ್ರಶ್ನೆ ಇತ್ತು. ತುಮಕೂರಿನಲ್ಲಿ ಕೆಲಸ ಮಾಡಿದವರಿಗೆ ಅದು ಏಕೆ ಎಂದು ಗೊತ್ತು: ಸುಗ್ಗಿ ಮುಗಿದ ಮೇಲೆ ಮೂಟೆ ರಾಗಿ ಊರಿನಿಂದ ಬಂದು ಮನೆಯ ಮೂಲೆಯಲ್ಲಿ ಕೂತಿದ್ದರೆ ಯಾರು ಪ್ಯಾಕೆಟ್ ಕೊಳ್ಳುತ್ತಾರೆ? ಜಮೀನು ಎಂದೊಡನೆ ಜನ ಎಚ್ಚರವಾಗುತ್ತಾರೆ, ತೆರಿಗೆಯೋ ರೇಷನ್ ಕಾರ್ಡೋ ಎಂದು ಅನುಮಾನಿಸುತ್ತಾರೆ. ಅವರಿಂದ ನಿಜವಾದ ಉತ್ತರ ಪಡೆಯಲು ನಾನು ಆ ಪ್ರಶ್ನೆಗೆ ಮೊದಲು ಇನ್ನೊಂದು ಪ್ರಶ್ನೆಯನ್ನು ಕೇಳಿಸುತ್ತೇನೆ. ಅದು ಯಾವುದೆಂದು ಇಲ್ಲಿ ಹೇಳುವುದಿಲ್ಲ. ನನ್ನ ಅನ್ನ ಅದರಲ್ಲಿದೆ.

ಕೋಷ್ಟಕ ಹೀಗೆ ಬಂತು. ಮೊದಲನೆಯದು ಸಿಕ್ಕ ಸಂಖ್ಯೆ, ಆವರಣದಲ್ಲಿರುವುದು ನಿರೀಕ್ಷಿತ.

| | ಬೀಸಿಸುವವರು | ಪ್ಯಾಕೆಟ್ | ಎರಡೂ | ಒಟ್ಟು |
|---|---|---|---|---|
| ಜಮೀನು ಇದೆ | 64 (50) | 22 (35) | 14 (15) | 100 |
| ಜಮೀನು ಇಲ್ಲ | 56 (70) | 62 (49) | 22 (21) | 140 |
| ಒಟ್ಟು | 120 | 84 | 36 | 240 |

ಜಮೀನು ಇದ್ದು ಬೀಸಿಸುವವರ ಕೋಶಕ್ಕೆ 100 ಗುಣಿಸು 120, ಭಾಗಿಸು 240, ಅಂದರೆ 50. ಉಳಿದವೂ ಹಾಗೆಯೇ. ಸ್ಪ್ರೆಡ್‌ಶೀಟಿನಲ್ಲಿ ಎಣಿಕೆಗಳು B2ರಿಂದ D3ರವರೆಗೆ, ಮೊತ್ತಗಳು E ಕಂಬಸಾಲಿನಲ್ಲೂ 4ನೇ ಸಾಲಿನಲ್ಲೂ ಇದ್ದರೆ ಈ ಒಂದು ಸೂತ್ರವನ್ನು ಬರೆದು ಎಳೆದರೆ ಸಾಕು:

```
=$E2*B$4/$E$4
```

ಡಾಲರ್ ಗುರುತುಗಳ ಜಾಗ ತಪ್ಪಿದರೆ ನಿರೀಕ್ಷಿತ ಸಂಖ್ಯೆಗಳ ಮೊತ್ತ ಅಡ್ಡಸಾಲಿನ, ಕಂಬಸಾಲಿನ ಮೊತ್ತಗಳಿಗೆ ಹೊಂದುವುದಿಲ್ಲ. 50, 35, 15 ಸೇರಿ 100 ಆಗಲೇಬೇಕು. ಈ ತಾಳೆ ನೋಡದೆ ನಾನು ಮುಂದೆ ಹೋಗುವುದಿಲ್ಲ.

ಇನ್ನು ಕೋಶಗಳ ಕೊಡುಗೆ. ಮೇಲಿನ ಸಾಲಿನಲ್ಲಿ 3.92, 4.83, 0.07, ಕೆಳಗಿನದರಲ್ಲಿ 2.80, 3.45, 0.05. ಒಟ್ಟು 15.1. ಡಿಗ್ರಿ ಆಫ್ ಫ್ರೀಡಂ 2, ಗಡಿ 5.99; ಸಾವಿರಕ್ಕೊಂದರ ಮಟ್ಟದ ಗಡಿಯೂ 13.82 ಮಾತ್ರ. ಸ್ಪ್ರೆಡ್‌ಶೀಟಿನ CHISQ.TEST ಸಂಭಾವ್ಯತೆಯನ್ನಷ್ಟೇ ಕೊಡುತ್ತದೆ, ಈ 15.1 ಎಲ್ಲಿಂದ ಬಂತು ಎಂದು ತೋರಿಸುವುದಿಲ್ಲ. ನನಗೆ ಬೇಕಾದದ್ದು ಆ ಆರು ತುಂಡುಗಳು. 'ಎರಡೂ' ಎಂಬ ಕಂಬಸಾಲು ಹೆಚ್ಚುಕಡಿಮೆ ಸುಮ್ಮನಿದೆ, ಜಗಳವೆಲ್ಲ ಮೊದಲೆರಡರಲ್ಲಿ. ಸಾಲು ಮತ್ತು ಕಂಬದ ಮೊತ್ತಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಸರಿಪಡಿಸಿದ ಶೇಷವನ್ನು ತೆಗೆದರೆ ಜಮೀನು ಇರುವವರ ಸಾಲಿನಲ್ಲಿ ಬೀಸಿಸುವ ಕೋಶಕ್ಕೆ 3.7, ಪ್ಯಾಕೆಟ್ಟಿನದಕ್ಕೆ ಋಣ 3.6, ಎರಡೂ ಇರುವವರಿಗೆ ಋಣ 0.4. ಎರಡನ್ನು ಮೀರಿದರೆ ನಾನು ಕಿವಿ ನಿಮಿರಿಸುತ್ತೇನೆ. ಕೈ ಸ್ಕ್ವೇರಿನ ಗಾತ್ರ ನಮೂನೆಗಳ ಸಂಖ್ಯೆಯೊಂದಿಗೆ ಬೆಳೆಯುವುದರಿಂದ 15.1ನ್ನು 240ರಿಂದ ಭಾಗಿಸಿ ವರ್ಗಮೂಲ ತೆಗೆದೆ: 0.25. ಗಟ್ಟಿ ಸಂಬಂಧ ಎನ್ನಲಾಗದು, ಆದರೆ ವ್ಯಾಪಾರಕ್ಕೆ ಸಾಕು.

ಒಂದು ಪಕ್ಕದ ಲಾಭ: ಡಿಗ್ರಿ ಆಫ್ ಫ್ರೀಡಂ 2 ಇದ್ದಾಗ ಮಾತ್ರ ಪಟ್ಟಿಯೇ ಬೇಡ. ಕೈ ಸ್ಕ್ವೇರನ್ನು ಅರ್ಧ ಮಾಡಿ ಋಣ ಚಿಹ್ನೆ ಹಾಕಿ EXP ಕೊಟ್ಟರೆ ಸಂಭಾವ್ಯತೆ ಬರುತ್ತದೆ, ನಮ್ಮದಕ್ಕೆ 0.0005. ಇದೇ ನಮೂನೆಯ ಎಂಟೊಂಬತ್ತು ಪ್ರಶ್ನೆಗಳನ್ನು ಹಿಟ್ಟಿನೊಂದಿಗೆ ಜೋಡಿಸಿ ನೋಡಿದ್ದೆವು. ಇಪ್ಪತ್ತು ನೋಡಿದರೆ ಒಂದು ಸುಮ್ಮಸುಮ್ಮನೆ ಗಡಿ ದಾಟುತ್ತದೆ ಎಂಬ ಆಕ್ಷೇಪ ಸರಿಯೇ. ಅದಕ್ಕೇ ಒಂಬತ್ತರಿಂದ ಗುಣಿಸಿದೆ, 0.005 ಆಸುಪಾಸು. ಆಗಲೂ ನಿಂತಿತು.

ಆದರೂ ಗ್ರಾಹಕರು ನಂಬಲಿಲ್ಲ, ನನ್ನ ಗೆಳೆಯನೂ ನಂಬಲಿಲ್ಲ. ಒಂದು ರಾತ್ರಿ ಹಟಕ್ಕೆ ಬಿದ್ದು ಜಮೀನಿನ ಉತ್ತರಗಳನ್ನು ಇದ್ದ ಹಾಗೇ ಇಟ್ಟು, ಹಿಟ್ಟಿನ ಉತ್ತರಗಳನ್ನು RAND ಹಾಕಿ ಕಲಸಿದೆ. ಸಂಬಂಧವೇ ಇಲ್ಲದಂತೆ ಮಾಡಿ ಮತ್ತೆ ಕೈ ಸ್ಕ್ವೇರ್ ನೋಡುವುದು, ಮತ್ತೆ ಕಲಸುವುದು. ಮೊತ್ತಗಳು ಬದಲಾಗುವುದಿಲ್ಲ, ಆದ್ದರಿಂದ ನಿರೀಕ್ಷಿತ ಸಂಖ್ಯೆಗಳೂ ಬದಲಾಗುವುದಿಲ್ಲ. ಇನ್ನೂರರಷ್ಟು ಸಲ ಕಲಸಿದ್ದರಲ್ಲಿ ಹತ್ತೋ ಹನ್ನೊಂದೋ 5.99 ದಾಟಿದವು, ಪಟ್ಟಿ ಹೇಳುವಂತೆಯೇ. ಅತಿ ದೊಡ್ಡದು ಹತ್ತರ ಹತ್ತಿರ. ಹದಿನೈದರ ಸುಳಿವೇ ಇರಲಿಲ್ಲ. ಕಾರ್ಲ್ ಪಿಯರ್ಸನ್ 1900ರಲ್ಲಿ ಈ ಪರೀಕ್ಷೆ ತಂದಾಗ ಇಂಥ ಕೋಷ್ಟಕಕ್ಕೆ ಡಿಗ್ರಿ ಆಫ್ ಫ್ರೀಡಂ ಎಂದು ಒಟ್ಟು ಕೋಶಗಳಿಗಿಂತ ಒಂದು ಕಡಿಮೆ ಎಣಿಸುತ್ತಿದ್ದರು. 1922ರಲ್ಲಿ ಫಿಶರ್ ತಿದ್ದಿದರು. ಪಿಯರ್ಸನ್ ಲೆಕ್ಕದಂತೆ ನಮಗೆ 5 ಆಗುತ್ತಿತ್ತು, ಗಡಿ 11.07. ಹಾಗಿದ್ದಿದ್ದರೆ ನನ್ನ ಇನ್ನೂರರಲ್ಲಿ ಒಂದೂ ದಾಟುತ್ತಿರಲಿಲ್ಲ. ಫಿಶರ್ ಕಡೆಯೇ ನ್ಯಾಯ ಎಂದು ನನ್ನ ಹಳೆಯ ಲ್ಯಾಪ್‌ಟಾಪ್ ಕೂಡ ತೀರ್ಪು ಕೊಟ್ಟಿತು.

ಈ ನಡುವೆ ಗ್ರಾಹಕರ ಅಳಿಯ ತಾನೂ ಲೆಕ್ಕ ಮಾಡಿದ್ದೇನೆಂದು ಬಂದರು. ಕ್ಯಾತ್ಸಂದ್ರದ 60 ನಮೂನೆಗಳನ್ನು ಮಾತ್ರ ತೆಗೆದುಕೊಂಡು, ಜಮೀನು ಇರುವ 30, ಇಲ್ಲದ 30 ಎಂದು ವಿಂಗಡಿಸಿ, ಎಣಿಕೆಗಳ ಬದಲು ಶೇಕಡಾಗಳನ್ನು ಕೋಶಗಳಿಗೆ ತುಂಬಿದ್ದರು. ಹಾಗೆ ಮಾಡಿದರೆ 60 ಮನೆಗಳು 200 ಮನೆಗಳ ವೇಷ ಹಾಕುತ್ತವೆ, ಕೈ ಸ್ಕ್ವೇರ್ ಮೂರು ಪಟ್ಟಿಗಿಂತ ಹೆಚ್ಚು ಉಬ್ಬುತ್ತದೆ. ಅವರ ಉತ್ತರ ನನ್ನ ಪರವಾಗಿಯೇ ಇತ್ತು, ಆದರೂ ಒಪ್ಪಲಿಲ್ಲ. ಕೋಶದಲ್ಲಿ ಮನೆಗಳು ಕೂರಬೇಕು, ಒಂದು ಮನೆ ಒಂದೇ ಕೋಶದಲ್ಲಿ. 'ಎರಡೂ' ಎಂಬ ಕಂಬಸಾಲನ್ನು ಬೇರೆಯಾಗಿ ಇಟ್ಟದ್ದೇ ಅದಕ್ಕೆ. ಆ 36 ಮನೆಗಳನ್ನು ಎರಡು ಕಡೆ ಎಣಿಸಿದ್ದರೆ ಒಟ್ಟು 276 ಆಗಿ ಪರೀಕ್ಷೆಯೇ ಕೆಡುತ್ತಿತ್ತು.

ಕೊನೆಗೆ ಗ್ರಾಹಕರಿಗೆ ಸಂಭಾವ್ಯತೆಯ ಮಾತೇ ಆಡಲಿಲ್ಲ. ಕಾಗದದ ಮೇಲೆ ಒಂದು ಕೋಶ ತೋರಿಸಿದೆ: 'ಜಮೀನಿಗೂ ಪ್ಯಾಕೆಟ್ಟಿಗೂ ಸಂಬಂಧ ಇಲ್ಲದಿದ್ದರೆ ಈ ನೂರು ಮನೆಗಳಲ್ಲಿ 35 ಮನೆ ನಿಮ್ಮಂಥವರ ಪ್ಯಾಕೆಟ್ ಕೊಳ್ಳಬೇಕಿತ್ತು ಸ್ವಾಮಿ, ಸಿಕ್ಕಿದ್ದು 22. ಬೆಲೆ ಇಳಿಸಿದರೆ ಊರಿನ ಮೂಟೆ ಬರುವುದು ನಿಲ್ಲುತ್ತದೆಯೇ?' ಸ್ವಲ್ಪ ಹೊತ್ತು ನೋಡಿ, ಕವರುಗಳ ಮುದ್ರಣ ನಿಲ್ಲಿಸಲು ಅಲ್ಲಿಂದಲೇ ಫೋನ್ ಮಾಡಿದರು. ಬೆಲೆ ಹಾಗೇ ಬಿಟ್ಟು, ಬಾಡಿಗೆ ಮನೆಗಳು ಹೆಚ್ಚಿರುವ ಬೀದಿಗಳ ಅಂಗಡಿಗಳಿಗೆ ಅರ್ಧ ಕಿಲೋ ಪ್ಯಾಕೆಟ್ ಹಾಕಿದರು. ಮೂರ್ನಾಲ್ಕು ತಿಂಗಳಲ್ಲಿ ಮಾರಾಟ ಕಾಲು ಭಾಗದಷ್ಟು ಏರಿತು ಎಂದು ಅವರೇ ಹೇಳಿದರು. ಬೇಸಿಗೆಯಲ್ಲಿ ಅಂಬಲಿಗೆ ರಾಗಿ ಹಿಟ್ಟು ಹೇಗೂ ಹೆಚ್ಚು ಖರ್ಚಾಗುತ್ತದೆ, ಆದ್ದರಿಂದ ಪೂರ್ತಿ ಕೀರ್ತಿಯನ್ನು ನಾನು ತೆಗೆದುಕೊಳ್ಳುವುದಿಲ್ಲ. ಬಾಕಿ ಇಪ್ಪತ್ತೆರಡೂವರೆ ಸಾವಿರವನ್ನು ಮಾತ್ರ ತೆಗೆದುಕೊಂಡೆ.

ಈಗ ಅವರಿಗೆ ಮಂಡ್ಯದಲ್ಲೂ ಇದೇ ಸಮೀಕ್ಷೆ ಬೇಕಂತೆ. ಅಲ್ಲಿ ಜಮೀನು ಇರುವವರಲ್ಲೂ ಕಬ್ಬು, ಭತ್ತ ಬೆಳೆಯುವವರೇ ಹೆಚ್ಚು, ರಾಗಿ ಮೂಟೆ ಬರುತ್ತದೆಂದು ಹೇಳಲಾಗದು. ಆದ್ದರಿಂದ ಅಡ್ಡಸಾಲನ್ನು ಮೂರು ಮಾಡುತ್ತಿದ್ದೇನೆ: ರಾಗಿ ಬೆಳೆಯುವ ಜಮೀನು, ಬೇರೆ ಬೆಳೆಯ ಜಮೀನು, ಜಮೀನು ಇಲ್ಲ. ರಾಗಿ ಬೆಳೆಯುವವರು ಹತ್ತರಲ್ಲಿ ಒಬ್ಬರೇ ಸಿಕ್ಕರೂ, 'ಎರಡೂ' ಕಂಬಸಾಲು ಇಲ್ಲಿಯಂತೆಯೇ ನೂರಕ್ಕೆ 15 ಇದ್ದರೆ, ಅತಿ ಸಣ್ಣ ಕೋಶದ ನಿರೀಕ್ಷಿತ ಸಂಖ್ಯೆ 5 ಮುಟ್ಟಲು 334 ನಮೂನೆಯಾದರೂ ಬೇಕು. ಈ ಸಲ ದರವನ್ನು ಅದರ ಮೇಲೆಯೇ ಹೇಳಿದ್ದೇನೆ.