ತೆರೆದು ಓದುವ ತಿಂಗಳ ಪತ್ರ: ಲೇಖಕರು ಓದುಗರ ಇಮೇಲ್ ಪಟ್ಟಿ ಕಟ್ಟುವುದು ಹೇಗೆ?

ಓದುಗರ ಇಮೇಲ್ ವಿಳಾಸ ಕೇಳಲು ಪುಸ್ತಕದ ಕೊನೆಯ ಪುಟಕ್ಕಿಂತ ಒಳ್ಳೆಯ ಜಾಗವಿಲ್ಲ. ಕಥೆಯ ಗುಂಗು ಇನ್ನೂ ಇಳಿದಿರುವುದಿಲ್ಲ. ಆದರೆ ಅಲ್ಲಿ ‘ನನ್ನ ಸುದ್ದಿಪತ್ರಕ್ಕೆ ಸೇರಿಕೊಳ್ಳಿ’ ಎಂದಷ್ಟೇ ಇದ್ದರೆ ಪುಸ್ತಕ ಮುಚ್ಚಿಡುತ್ತಾರೆ. ಅದೇ ಕಥೆಯ ಇನ್ನೊಂದು ತುಣುಕು ಸಿಗಬೇಕು.

ಕಾದಂಬರಿಯಲ್ಲಿ ಮನೆ ಬಿಟ್ಟು ಹೋದ ತಂಗಿ ಮತ್ತೆ ಕಾಣಿಸಿಕೊಳ್ಳುವುದೇ ಇಲ್ಲ ಎಂದುಕೊಳ್ಳಿ. ಹತ್ತು ವರ್ಷದ ಮೇಲೆ ಅವಳು ಅಕ್ಕನಿಗೆ ಬರೆಯುವ ಕಾಗದವನ್ನು 1,500 ಪದಗಳಲ್ಲಿ ಬರೆದಿಟ್ಟುಕೊಳ್ಳಿ. ಕೊನೆಯ ಪುಟದಲ್ಲಿ ‘ತಂಗಿಯ ಕಾಗದ ಓದಬೇಕೆ?’ ಎಂಬ ಸಾಲು, ಕೆಳಗೆ ಚಿಕ್ಕ ಲಿಂಕ್, ಅಚ್ಚಿನ ಪ್ರತಿಯಾದರೆ ಕ್ಯೂಆರ್ ಕೋಡ್ ಇರಲಿ. ಫೋನ್ ಬಹುಮಾನ ಕೊಡುತ್ತೇವೆಂದರೆ ಪಟ್ಟಿ ಬೇಗ ಬೆಳೆಯುತ್ತದೆ ನಿಜ, ಆದರೆ ಬಂದವರು ಬಂದದ್ದು ಫೋನಿಗಾಗಿ. ಅವರು ನಿಮ್ಮ ಪತ್ರ ತೆರೆಯುವುದಿಲ್ಲ.

ಫಾರ್ಮ್‌ನಲ್ಲಿ ಹೆಸರು, ಇಮೇಲ್ ಎರಡೇ ಕೇಳಿ. ತಿಂಗಳಿಗೊಂದು ಪತ್ರ ಬರುತ್ತದೆಂದು ಅಲ್ಲೇ ತಿಳಿಸಿ. ವಿಳಾಸ ಕೊಟ್ಟವರಿಗೆ ಮೊದಲು ಖಚಿತಪಡಿಸುವ ಲಿಂಕ್ ಹೋಗಲಿ. ತಪ್ಪಾಗಿ ಟೈಪಾದ ವಿಳಾಸಗಳು ಅಲ್ಲಿಯೇ ಸೋಸಿಹೋಗುತ್ತವೆ. ಆ ಲಿಂಕ್ ಒತ್ತಿದ ಕೂಡಲೇ ತಂಗಿಯ ಕಾಗದ ತಲುಪಬೇಕು. ನಾಳೆಗೆ ಬಿಟ್ಟರೆ ಕೇಳಿದ್ದೇ ಮರೆತುಹೋಗಿರುತ್ತದೆ.

ಹೊಸಬರು ಎಡವುವುದು ಕಳುಹಿಸುವ ವಿಳಾಸದಲ್ಲಿ. ಸುದ್ದಿಪತ್ರ ಸೇವೆಯ ಮೂಲಕ ನಿಮ್ಮ ಜಿಮೇಲ್ ವಿಳಾಸದ ಹೆಸರಿನಲ್ಲಿ ಪತ್ರ ಹೋದರೆ, ಅದು ನಿಜಕ್ಕೂ ಜಿಮೇಲ್‌ನಿಂದ ಹೊರಟದ್ದಲ್ಲವೆಂದು ಸ್ವೀಕರಿಸುವ ಕಡೆ ಗೊತ್ತಾಗಿ ಸ್ಪ್ಯಾಮ್‌ಗೆ ಬೀಳುತ್ತದೆ. ಜಿಮೇಲ್, ಯಾಹೂ ಎರಡೂ 2024ರ ಫೆಬ್ರುವರಿಯಿಂದ ಈ ತಪಾಸಣೆಯನ್ನು ಬಿಗಿ ಮಾಡಿವೆ. ಸ್ವಂತ ಡೊಮೇನ್, ಅಂದರೆ ನಿಮ್ಮದೇ ಜಾಲವಿಳಾಸ ಕೊಂಡು, ಅದರ ಇಮೇಲ್‌ನಿಂದಲೇ ಪತ್ರ ಕಳುಹಿಸಿ. ಪತ್ರ ನಿಜಕ್ಕೂ ನಿಮ್ಮದೇ ಎಂದು ತೋರಿಸಲು ಸೇವೆಯವರು ಕೊಡುವ SPF, DKIM, DMARC ಎಂಬ ಸಾಲುಗಳನ್ನು, ಡೊಮೇನ್ ಕೊಂಡ ಜಾಲತಾಣದ DNS ಪುಟದಲ್ಲಿ ಸೇರಿಸಿ. ನಂತರ ನಿಮ್ಮದೇ ಜಿಮೇಲ್‌ಗೆ ಒಂದು ಪತ್ರ ಕಳುಹಿಸಿ, ಕಂಪ್ಯೂಟರಿನಲ್ಲಿ ತೆರೆದು, ಮೂರು ಚುಕ್ಕಿಯ ಮೆನುವಿನಲ್ಲಿರುವ Show original ಒತ್ತಿ. ಮೂರರ ಮುಂದೆಯೂ PASS ಎಂದಿರಬೇಕು.

ಈಗ ತಿಂಗಳ ಪತ್ರ. ಒಂದು ಪತ್ರದಲ್ಲಿ ಒಂದೇ ವಿಷಯ, 500 ಪದದೊಳಗೆ. ‘ಜೂನ್ ಸಂಚಿಕೆ’ ಎಂಬ ಶೀರ್ಷಿಕೆ ಯಾರನ್ನೂ ಒಳಗೆ ಕರೆಯುವುದಿಲ್ಲ. ‘ಏಳನೇ ಅಧ್ಯಾಯ ಕಿತ್ತುಹಾಕಿದೆ’ ಎಂದರೆ ಯಾಕೆಂದು ತಿಳಿಯುವ ಆಸೆ ಹುಟ್ಟುತ್ತದೆ, ಮೊಬೈಲ್ ಪರದೆಯಲ್ಲೂ ಪೂರ್ತಿ ಕಾಣುತ್ತದೆ. ಇನ್‌ಬಾಕ್ಸ್‌ನಲ್ಲಿ ಶೀರ್ಷಿಕೆಯ ಜೊತೆ ಕಾಣುವ ಮುನ್ನೋಟದ ಸಾಲನ್ನು ಖಾಲಿ ಬಿಡಬೇಡಿ. ಬಿಟ್ಟರೆ ಅಲ್ಲಿ ‘ಬ್ರೌಸರ್‌ನಲ್ಲಿ ನೋಡಿ’ ಎಂಬಂಥ ಪದಗಳು ಬಂದು ಕೂರುತ್ತವೆ. ‘ಅಕ್ಕ ಅಲ್ಲಿ ಸುಳ್ಳು ಹೇಳುತ್ತಿದ್ದಳು’ ಎಂದು ತುಂಬಿಸಿ. ಒಳಗೆ ಆ ಅಧ್ಯಾಯದ ಒಂದು ಪ್ಯಾರಾ, ಅದನ್ನು ತೆಗೆದ ಕಾರಣ, ಕೊನೆಗೆ ಉತ್ತರ ಬರೆಯಲು ಸುಲಭವಾದ ಒಂದು ಪ್ರಶ್ನೆ: ‘ನೀವಾಗಿದ್ದರೆ ಉಳಿಸಿಕೊಳ್ಳುತ್ತಿದ್ದಿರಾ?’

ಎಷ್ಟು ಜನ ತೆರೆದರು ಎಂಬ ಅಂಕಿಯನ್ನು ಪೂರ್ತಿ ನಂಬಬೇಡಿ. ಪತ್ರದೊಳಗಿನ ಚಿತ್ರ ಲೋಡ್ ಆದರೆ ಅದು ತೆರೆದದ್ದೆಂದು ಸೇವೆ ಎಣಿಸುತ್ತದೆ. 2021ರಿಂದ ಆ್ಯಪಲ್‌ನ ಮೇಲ್ ಆ್ಯಪ್ ಪತ್ರದ ಚಿತ್ರಗಳನ್ನು ತಾನೇ ಮುಂಚಿತವಾಗಿ ತರಿಸಿಕೊಳ್ಳುವುದರಿಂದ, ಯಾರೂ ಮುಟ್ಟದ ಪತ್ರವೂ ತೆರೆದದ್ದೆಂದು ಲೆಕ್ಕಕ್ಕೆ ಬರಬಹುದು. ಲಿಂಕ್ ಒತ್ತಿದವರನ್ನೂ ಮರುಪತ್ರ ಬರೆದವರನ್ನೂ ಎಣಿಸಿ. ಆರು ತಿಂಗಳು ಎರಡೂ ಇಲ್ಲದವರಿಗೆ ‘ಪತ್ರ ಮುಂದುವರಿಸಲೇ?’ ಎಂದು ಕೇಳಿ, ಒತ್ತಲು ಒಂದು ಲಿಂಕ್ ಕೊಡಿ. ಎರಡು ವಾರ ಕಾದರೂ ಒತ್ತದಿದ್ದರೆ ಆ ಹೆಸರನ್ನು ಪಟ್ಟಿಯಿಂದ ತೆಗೆದುಬಿಡಿ.