ಬೂಷ್ಟು ಹಿಡಿದ 216 ಕಟ್ಟು, ಒಂದು ಕ್ಷಮೆಯ ಪತ್ರ

ಶಿರಸಿಯಿಂದ ಸ್ವಲ್ಪ ದೂರದ ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಅಡಿಕೆ ಹಾಳೆಯ ತಟ್ಟೆ ಮಾಡುವ ಮಷಿನ್ ಇಟ್ಟುಕೊಂಡಿದ್ದೇನೆ. ಹಾಳೆಯನ್ನು ಬೇಸಿಗೆಯಲ್ಲೇ ಒಣಗಿಸಿ ಅಟ್ಟದ ಮೇಲೆ ಪೇರಿಸಿಡುತ್ತೇವೆ, ಹಾಗಾಗಿ ಮಳೆಗಾಲದಲ್ಲೂ ಕೆಲಸ ನಿಲ್ಲುವುದಿಲ್ಲ. ಬೆಂಗಳೂರಿನ ಒಬ್ಬ ಅಡುಗೆ ಗುತ್ತಿಗೆದಾರರು 12,000 ತಟ್ಟೆ ಹೇಳಿದ್ದರು. ಹತ್ತು ಇಂಚಿನದು, ಒಂದಕ್ಕೆ ನಾಲ್ಕೂವರೆ ರೂಪಾಯಿ. ಆಗಸ್ಟ್ 12ಕ್ಕೆ ಅವರ ಗೋದಾಮಿನಲ್ಲಿ ಇರಬೇಕು ಎಂಬುದು ಮಾತು.

10ರ ಬೆಳಿಗ್ಗೆ ಲೆಕ್ಕ ಮಾಡೋಣವೆಂದು ಒಂದು ಕಟ್ಟು ಬಿಚ್ಚಿದೆ. ಮೂಗಿಗೆ ಮೊದಲು ತಿಳಿಯಿತು, ಆಮೇಲೆ ಕಣ್ಣಿಗೆ. ತಟ್ಟೆಯ ಅಂಚಿನಲ್ಲಿ ಬಿಳಿ ಬೂಷ್ಟು. ಒಂದೊಂದಾಗಿ ಬಿಚ್ಚುತ್ತ ಹೋದಂತೆ 216 ಕಟ್ಟು, ಅಂದರೆ 5,400 ತಟ್ಟೆ ಹಾಳಾಗಿದ್ದು ಗೊತ್ತಾಯಿತು. ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಿಸಿ ಅಚ್ಚಿನಿಂದ ಹೊರಬಂದ ತಟ್ಟೆ ಕೈಗೆ ಗರಿಗರಿಯಾಗಿ ಸಿಗುತ್ತದೆ, ಆದರೆ ಹಾಳೆಯ ನಡುವಿನ ದಪ್ಪ ಭಾಗದಲ್ಲಿ ಪಸೆ ಉಳಿದಿರುತ್ತದೆ. ಹೊಳವಾದ ದಿನಗಳಲ್ಲಿ ಅಂಗಳದ ಬಿಸಿಲಿಗೆ ಹರವಿದ ಮೊದಲ 4,600 ಚೆನ್ನಾಗಿಯೇ ಇದ್ದವು. ಆಮೇಲೆ ಮಳೆ ಬಿಡದೆ ಹೊಡೆದಾಗ, ಗಡಿಬಿಡಿಯಲ್ಲಿ ಆ ಸಂಜೆಯದನ್ನು ಆ ಸಂಜೆಯೇ ಪ್ಲಾಸ್ಟಿಕ್ ಕವರಿಗೆ ತುಂಬಿಸಿದ್ದು ನಾನೇ. ಉಳಿದ 2,000 ಇನ್ನೂ ಒತ್ತಿಯೇ ಇರಲಿಲ್ಲ. ಒಟ್ಟು 7,400 ಕಡಿಮೆ, ಕೈಯಲ್ಲಿ ಎರಡು ದಿನ.

ಕೂತು ಬರೆದ ಮೊದಲ ಪತ್ರ ಈಗ ಓದಿದರೆ ನಾಚಿಕೆಯಾಗುತ್ತದೆ. ಮುಕ್ಕಾಲು ಪುಟ ಮಳೆ, ಕರೆಂಟು, ಹೆಣ್ಣಾಳುಗಳ ಜ್ವರ. ಕೊನೆಗೆ ‘ಒಂದು ವಾರದೊಳಗೆ ಖಂಡಿತ ಕಳಿಸುತ್ತೇನೆ’. ಮಾವನಿಗೆ ಓದಿ ಹೇಳಿದೆ. ಅವರು ಕವಳ ಹಾಕುತ್ತಲೇ, “ಮಳೆ ಸುದ್ದಿ ಅವಂಗೆ ಎಂತಕ್ಕೆ? ತಟ್ಟೆ ಯಾವತ್ತು ಬತ್ತು ಹೇಳು” ಅಂದರು.

ಆ ‘ಒಂದು ವಾರ’ ಎಲ್ಲಿಂದ ಬಂತು ಎಂದು ನೋಡಿಕೊಂಡೆ. ನಮ್ಮ ಮಷಿನ್ ಕರೆಂಟು ಕೈಕೊಡದ ದಿನ 1,100 ತಟ್ಟೆ ಒತ್ತುತ್ತದೆ. 7,400ಕ್ಕೆ ಏಳು ದಿನ. ಆದರೆ ಆ ತಿಂಗಳ ಪುಸ್ತಕ ತೆಗೆದರೆ 1,100 ಆದದ್ದು ಎರಡೇ ದಿನ. ಕೆಟ್ಟ ದಿನಗಳಲ್ಲಿ 600ರ ಆಸುಪಾಸು. ಒಮ್ಮೆ ಮಾತು ತಪ್ಪಿದವಳು ಕೊಡುವ ಎರಡನೆಯ ತಾರೀಕನ್ನು ಕೆಟ್ಟ ದಿನದ ಲೆಕ್ಕದಲ್ಲೇ ಕೊಡಬೇಕು. 600ರಂತೆ ಹಿಡಿದರೆ ಹದಿಮೂರು ದಿನ, ಅದು ಅವರಿಗೆ ಒಗ್ಗುವುದಿಲ್ಲ.

ಪತ್ರ ಬದಿಗಿಟ್ಟು ಫೋನ್ ಮಾಡಿದೆ. ಇಂಥ ಸುದ್ದಿ ಮೊದಲು ಕಾಗದದಲ್ಲಿ ಹೋಗಬಾರದು. ಅವರು ಒಂದಿಷ್ಟು ಬೈದರು, ಬೈಯಲಿ. ಆಮೇಲೆ ಕೇಳಿದೆ: “ಸರ್, 12ನೇ ತಾರೀಕಿಗೆ ನಿಮಗೆ ಎಲ್ಲ ಹನ್ನೆರಡು ಸಾವಿರವೂ ಬೇಕಾ, ಯಾವ ಊಟಕ್ಕೆ ಎಷ್ಟು?” ಉತ್ತರ ಕೇಳಿ ಉಸಿರು ಬಂತು. 14ರ ಗೃಹಪ್ರವೇಶಕ್ಕೆ 3,000, 17ರ ಮದುವೆಗೆ 4,000, ಉಳಿದ 5,000 ಬೇಕಿದ್ದದ್ದು 22ರ ಸಮಾರಂಭಕ್ಕೆ. ಒಂದೇ ತಾರೀಕಿನಂತೆ ಕಂಡದ್ದು ನಿಜಕ್ಕೂ ಮೂರು.

ಮುಂದಿನ ಎರಡು ಗಂಟೆ ಎರಡು ಏರ್ಪಾಡಿನಲ್ಲಿ ಕಳೆಯಿತು. ಸಿದ್ದಾಪುರದ ಕಡೆಯ ಒಬ್ಬರ ಬಳಿ ಒಣಗಿದ 3,000 ತಟ್ಟೆ ಸಿದ್ಧವಿತ್ತು, ಅಚ್ಚು ಮಾತ್ರ ಬೇರೆ. ಪಕ್ಕದ ಮನೆಯವರ ಅಡಿಕೆ ಡ್ರೈಯರ್ ಕೊಯ್ಲು ಶುರುವಾಗುವವರೆಗೆ ಖಾಲಿ. ಅದನ್ನು ಹತ್ತು ದಿನಕ್ಕೆ ಕೇಳಿಕೊಂಡೆ. ಮಧ್ಯಾಹ್ನದೊಳಗೆ ಈ ಪತ್ರ ಹೋಯಿತು:

“ಮಾನ್ಯರೇ,

ಆಗಸ್ಟ್ 12ಕ್ಕೆ ಕೊಡುತ್ತೇನೆಂದ 12,000 ತಟ್ಟೆಗಳಲ್ಲಿ 7,400 ಅಂದು ತಲುಪುವುದಿಲ್ಲ. ತಟ್ಟೆಯ ಪಸೆ ಪೂರ್ತಿ ಆರುವ ಮೊದಲೇ ಕಟ್ಟು ಕಟ್ಟಿಸಿದ್ದರಿಂದ 5,400ಕ್ಕೆ ಬೂಷ್ಟು ಬಂದಿದೆ. ತಪ್ಪು ನನ್ನದು, ಕ್ಷಮೆ ಕೇಳುತ್ತೇನೆ. ಅವುಗಳಲ್ಲಿ ಒಂದನ್ನೂ ಒರೆಸಿ ನಿಮಗೆ ಕಳಿಸುವುದಿಲ್ಲ.

ಚೆನ್ನಾಗಿರುವ 4,600 ತಟ್ಟೆಗಳನ್ನು ಮತ್ತೊಮ್ಮೆ ಡ್ರೈಯರಿನಲ್ಲಿಟ್ಟು 11ರ ರಾತ್ರಿ ಕಳಿಸುತ್ತೇನೆ, 12ರ ಬೆಳಿಗ್ಗೆ ತಲುಪುತ್ತವೆ. 13ರ ರಾತ್ರಿ ಇನ್ನು 3,000 ಹೊರಡುತ್ತವೆ. ಇವು ಬೇರೆ ಘಟಕದವು, ಅಳತೆ ಅದೇ ಆದರೂ ಅಂಚು ಸ್ವಲ್ಪ ತಗ್ಗು. ಫೋಟೋ ಕಳಿಸಿದ್ದೇನೆ, ಬೇಡವಾದರೆ ಇಂದು ಸಂಜೆಯೊಳಗೆ ತಿಳಿಸಿ. ಕೊನೆಯ 4,400 ತಟ್ಟೆಗಳನ್ನು 11ರಿಂದ 18ರವರೆಗೆ ಇಲ್ಲೇ ಒತ್ತಿ, 19ರಂದು ಪೂರ್ತಿ ಒಣಗಿಸಿ, ಅಂದು ರಾತ್ರಿ ಕಳಿಸುತ್ತೇನೆ. 20ರ ಬೆಳಿಗ್ಗೆ ನಿಮ್ಮ ಕೈಯಲ್ಲಿರುತ್ತವೆ.

ಪ್ರತಿ ಸಂಜೆ ಆರಕ್ಕೆ ಅಂದಿನ ಲೆಕ್ಕ ವಾಟ್ಸಾಪ್ ಮಾಡುತ್ತೇನೆ. 15ರ ಸಂಜೆಗೆ 3,000 ಒತ್ತಿ ಆಗದಿದ್ದರೆ ಮರುದಿನದಿಂದ ಜನರೇಟರ್ ತರಿಸುತ್ತೇನೆ, ಖರ್ಚು ನನ್ನದು. ಕೊನೆಯ ಕಂತು ಬೇಡವೆನಿಸಿದರೆ 14ರೊಳಗೆ ಹೇಳಿದರೆ ಸಾಕು, ಅದರ ಮುಂಗಡ ವಾಪಸು ಕೊಡುತ್ತೇನೆ. ಮೂರೂ ಕಂತಿನ ಸಾಗಣೆ ನಮ್ಮದು. ತಡವಾದ 7,400 ತಟ್ಟೆಗಳ ಬೆಲೆಯಲ್ಲಿ ಶೇ. 10, ಅಂದರೆ 3,330 ರೂಪಾಯಿ ಬಿಲ್ಲಿನಲ್ಲಿ ಕಡಿಮೆ ಮಾಡಿದ್ದೇನೆ.”

ಎಂಟು ದಿನ ಎಂದದ್ದು 600ರ ಲೆಕ್ಕದಿಂದಲೇ. 4,400ಕ್ಕೆ ಏಳೂವರೆ ದಿನ ಸಾಕು. 15ನೇ ತಾರೀಕಿನ ಗಡಿಯೂ ಐದು ದಿನಕ್ಕೆ 600ರಂತೆ ಗುಣಿಸಿ ಬಂದದ್ದು. ಬೇರೆ ಘಟಕದ ವಿಷಯ ಬರೆಯಬೇಡ ಎಂದು ಮನೆಯಲ್ಲಿ ಒಬ್ಬರು ಹೇಳಿದರು, ಯಾರಿಗೆ ಗೊತ್ತಾಗುತ್ತದೆ ಅಂತ. ಪಂಕ್ತಿಯಲ್ಲಿ ಎರಡು ನಮೂನೆಯ ತಟ್ಟೆ ಬಿದ್ದರೆ ಮದುವೆ ಮನೆಯವರಿಗೆ ಗೊತ್ತಾಗುತ್ತದೆ, ಬೈಗುಳ ಗುತ್ತಿಗೆದಾರರು ತಿನ್ನಬೇಕಾಗುತ್ತದೆ. ತಿಳಿಸಿದ್ದರಿಂದಲೇ ಅವರು ಆ ತಟ್ಟೆಗಳನ್ನೆಲ್ಲ ಮದುವೆಗೆ ಎತ್ತಿಟ್ಟರು. 14ರಲ್ಲಿ ಉಳಿದ ನಮ್ಮವು 1,600 ಇದ್ದವು, ಅವುಗಳಲ್ಲಿ ಸಾವಿರವನ್ನು ಬೇರೆ ಪಂಕ್ತಿಗೆ ಹಾಕಿದರು.

ಮೊದಲ ಮೂರು ದಿನ ಸಲೀಸಾಗಿ 2,350 ಆಯಿತು. 14ಕ್ಕೆ ನಮ್ಮ ಲೈನಿನ ಮೇಲೆ ಮರ ಬಿತ್ತು. ಆ ದಿನ 300, ಮರುದಿನ 200. ಒಟ್ಟು 2,850. ಆರು ಗಂಟೆಗೆ ಆ ಸಂಖ್ಯೆ ಕಳಿಸಲು ಕೈ ಹಿಂಜರಿಯಿತು, ನೂರೈವತ್ತು ಸೇರಿಸಿಬಿಡುವ ಯೋಚನೆಯೂ ಬಂತು. ಇದ್ದದ್ದನ್ನೇ ಕಳಿಸಿ, ಕೆಳಗೆ ‘ಜನರೇಟರ್ ನಾಳೆ ಎಂಟಕ್ಕೆ’ ಎಂದು ಬರೆದೆ. ಶಾಮಿಯಾನದವರ ಬಳಿ ಬಾಡಿಗೆಗೆ ಹೇಳಿಟ್ಟಿದ್ದೆ. ಅಚ್ಚು ಕಾಯಿಸಲು ತುಂಬ ಕರೆಂಟು ಬೇಕು, ಮನೆಯ ದೀಪಕ್ಕೆ ಇಟ್ಟುಕೊಳ್ಳುವ ಸಣ್ಣ ಜನರೇಟರ್ ಕೂತುಬಿಡುತ್ತದೆ. 18ರ ಮಧ್ಯಾಹ್ನಕ್ಕೆ 4,400 ಮುಗಿಯಿತು.

ಒಣಗಿದೆಯೋ ಇಲ್ಲವೋ ಎಂದು ಕೈಯಲ್ಲಿ ಮುಟ್ಟಿ ಹೇಳುವುದನ್ನು ಆ ವಾರವೇ ಬಿಟ್ಟೆ. ಗುರುತು ಹಾಕಿದ ಹತ್ತು ತಟ್ಟೆಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಡ್ರೈಯರಿಗೆ ಹಾಕಿ, ಗಂಟೆಗೊಮ್ಮೆ ತೂಗಿದೆ. ತೂಕ ಇಳಿಯುವುದು ನಿಂತ ಮೇಲೆ ಕವರಿನಲ್ಲಿ ಬಿಗಿಯಾಗಿ ಕಟ್ಟಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಕವರಿನ ಒಳಗೆ ನೀರಿನ ಹನಿ ಕಂಡರೆ ಆ ಒಬ್ಬೆ ಮತ್ತೆ ಒಳಗೆ. 19ರಂದು ಒಂದು ಒಬ್ಬೆ ಹಾಗೆ ವಾಪಸು ಹೋಯಿತು. ಪತ್ರದಲ್ಲಿ ಒಣಗಿಸಲೆಂದೇ ಒಂದು ದಿನ ಇಟ್ಟುಕೊಂಡಿರದಿದ್ದರೆ ಅದೂ ಕಟ್ಟಾಗಿ ಹೋಗುತ್ತಿತ್ತು.

20ರ ಬೆಳಿಗ್ಗೆ ಅವರಿಂದ ‘ಬಂತು’ ಎಂಬ ಒಂದೇ ಪದದ ಉತ್ತರ. ಬಿಲ್ಲಿನ ಹಣ ತಿಂಗಳ ಕೊನೆಗೆ ಬಂತು, ಕಡಿತ ಹೋಗಿ. ಕಡಿತ, ಸಾಗಣೆ, ಜನರೇಟರ್, ಹೋದ ಹಾಳೆ ಎಲ್ಲ ಸೇರಿದರೆ ಆ ಆರ್ಡರಿನಲ್ಲಿ ಕೈಗೆ ಏನೂ ಉಳಿಯಲಿಲ್ಲ. ಬೂಷ್ಟು ಹಿಡಿದ 216 ಕಟ್ಟುಗಳ ಕವರ್ ಹರಿದು, ತಟ್ಟೆಗಳನ್ನು ಡ್ರೈಯರಿನ ಒಲೆಗೆ ಹಾಕಿದೆವು. ಹೊಸ ತಟ್ಟೆ ಒಣಗಿದ್ದು ಆ ಬೆಂಕಿಯಲ್ಲೇ.